ಅಧ್ಯಾಯವನ್ನು ಐದರಲ್ಲೊಂದು ಭಾಗ ಇಳಿಸುವಾಗ ವಾದವನ್ನೂ ಆಧಾರಗಳನ್ನೂ ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ಸರ್, ನನ್ನ ಪಿಎಚ್.ಡಿ. ಮಹಾಪ್ರಬಂಧದ ಮೂರನೇ ಅಧ್ಯಾಯ ಕೋಲಾರ ಸೀಮೆಯ ಶಾಸನಗಳಲ್ಲಿ ಬರುವ ಬಿತ್ತುವಟ್ಟದ ಬಗ್ಗೆ ಇದೆ. ಬಿತ್ತುವಟ್ಟ ಎಂದರೆ ಕೆರೆ ಕಟ್ಟಿಸಿದವರಿಗೆ ದಾನವಾಗಿ ಬಿಟ್ಟ ಭೂಮಿ; ಅದು ಅವರಿಗೆ ಸಲ್ಲಿಸಿದ ಗೌರವ ಮಾತ್ರ ಅಲ್ಲ, ಕೆರೆಯನ್ನು ಮುಂದೆಯೂ ಸುಸ್ಥಿತಿಯಲ್ಲಿ ಇಡಿಸುವ ಏರ್ಪಾಡೂ ಹೌದು ಎಂಬುದು ನನ್ನ ವಾದ. ಅಧ್ಯಾಯ 12,500 ಪದ ಆಗಿದೆ. ಮಾರ್ಗದರ್ಶಕರು 10,000ಕ್ಕೆ ಇಳಿಸಿ ಎಂದಿದ್ದಾರೆ. 18 ಶಾಸನಗಳಿವೆ, ಯಾವುದನ್ನು ತೆಗೆದರೂ ವಾದ ಬಿದ್ದುಹೋಗುತ್ತದೆ ಅನ್ನಿಸುತ್ತದೆ. ಒಂದು ವಾರ ವಾಕ್ಯಗಳನ್ನು ತಿದ್ದಿದೆ, 400 ಪದ ಮಾತ್ರ ಕಡಿಮೆಯಾಯಿತು. ಅಧ್ಯಾಯದ ಪ್ರತಿ ಕಳಿಸಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಕೆಲಸವನ್ನು ನೀವು ಕೊನೆಯ ಹಂತದಿಂದ ಆರಂಭಿಸಿದ್ದೀರಿ. ತಕ್ಕಮಟ್ಟಿಗೆ ಚೆನ್ನಾಗಿ ಬರೆದಿರುವ ಅಧ್ಯಾಯದಲ್ಲಿ ವಾಕ್ಯಗಳನ್ನು ಬಿಗಿ ಮಾಡುವುದರಿಂದ ನೂರಕ್ಕೆ ನಾಲ್ಕೈದು ಪದ ಉಳಿಯಬಹುದು, ಸಡಿಲವಾಗಿ ಬರೆದಿದ್ದರೆ ಇನ್ನೂ ಸ್ವಲ್ಪ ಹೆಚ್ಚು. ಐದರಲ್ಲೊಂದು ಭಾಗ ಮಾತ್ರ ಆ ದಾರಿಯಲ್ಲಿ ಎಂದಿಗೂ ಸಿಗುವುದಿಲ್ಲ. ಅದು ಸಿಗಬೇಕಾದರೆ ಇಡೀ ಪ್ಯಾರಾಗಳು ಹೊರಗೆ ಹೋಗಬೇಕು ಅಥವಾ ರೂಪ ಬದಲಿಸಬೇಕು. ವಾಕ್ಯ ತಿದ್ದುವ ಕೆಲಸ ಮೊದಲೇ ಮಾಡಿದರೆ ಮತ್ತೊಂದು ತೊಂದರೆಯಿದೆ: ಕಷ್ಟಪಟ್ಟು ನುಣುಪು ಮಾಡಿದ ಪ್ಯಾರಾವನ್ನು ಆಮೇಲೆ ತೆಗೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಆದ್ದರಿಂದ ಈಗಿನ ಕಡತದ ಒಂದು ಪ್ರತಿಯನ್ನು ಹಾಗೆಯೇ ಎತ್ತಿಟ್ಟು, ವಾಕ್ಯಗಳ ಗೊಡವೆಯನ್ನು ಸದ್ಯಕ್ಕೆ ಬಿಡಿ.

ಮೊದಲು ಮಾಡಬೇಕಾದುದು ಅಧ್ಯಾಯದ ಪ್ರತಿಯೊಂದು ಪ್ಯಾರಾಕ್ಕೂ ಒಂದೊಂದು ವಾಕ್ಯದ ಟಿಪ್ಪಣಿ. ಪ್ಯಾರಾ ಯಾವ ವಿಷಯದ ಬಗ್ಗೆ ಇದೆ ಎಂದು ಬರೆಯಬೇಡಿ. ಅದು ವಾದಕ್ಕೆ ಏನು ಮಾಡುತ್ತಿದೆ ಎಂದು ಬರೆಯಿರಿ. ‘ಗಂಗರ ಕಾಲದ ಕೆರೆಗಳು’ ಎಂಬ ಟಿಪ್ಪಣಿಯಿಂದ ಪ್ರಯೋಜನವಿಲ್ಲ. ‘ದಾನದ ಭೂಮಿ ಅದೇ ಕೆರೆಯ ನೀರನ್ನು ನಂಬಿತ್ತು ಎಂಬುದಕ್ಕೆ ಮೊದಲ ಆಧಾರ’ ಎಂಬ ಟಿಪ್ಪಣಿಯಿಂದ ಪ್ರಯೋಜನವಿದೆ. ಪಕ್ಕದಲ್ಲಿ ಆ ಪ್ಯಾರಾದ ಪದಸಂಖ್ಯೆಯನ್ನೂ ಹಾಕಿ. ಹೀಗೆ ಬರೆಯುತ್ತಾ ಹೋದಾಗ ಕೆಲವು ಪ್ಯಾರಾಗಳ ಮುಂದೆ ಪೆನ್ನು ನಿಂತುಬಿಡುತ್ತದೆ, ಏಕೆಂದರೆ ಅವು ಮಾಹಿತಿ ಕೊಡುತ್ತವೆಯೇ ಹೊರತು ವಾದಕ್ಕೆ ಏನನ್ನೂ ಮಾಡುವುದಿಲ್ಲ. ಇನ್ನು ಕೆಲವಕ್ಕೆ ಹಿಂದೆ ಬರೆದ ಟಿಪ್ಪಣಿಯನ್ನೇ ಮತ್ತೆ ಬರೆಯಬೇಕಾಗುತ್ತದೆ. ಇಳಿಕೆಯ ದೊಡ್ಡ ಪಾಲು ಈ ಎರಡು ಜಾಗಗಳಲ್ಲೇ ಅಡಗಿರುತ್ತದೆ.

ನಿಮ್ಮ ಅಧ್ಯಾಯಕ್ಕೆ ಈ ಲೆಕ್ಕವನ್ನು ಸ್ಥೂಲವಾಗಿ ನಾನೇ ಹಾಕಿ ನೋಡಿದೆ. ಹಿನ್ನೆಲೆಗೆ 2,200, ಶಾಸನಗಳ ವಿವರಣೆಗೆ 5,600, ಚರ್ಚೆಗೆ 3,300, ಅಧ್ಯಾಯದ ಆರಂಭ ಮತ್ತು ಮುಕ್ತಾಯಕ್ಕೆ ಒಟ್ಟು 1,400 ಪದ ಹೋಗಿವೆ. ಪ್ರತಿ ಭಾಗದಿಂದಲೂ ಸಮನಾಗಿ ಐದರಲ್ಲೊಂದು ಪಾಲು ಕತ್ತರಿಸುವುದು ನ್ಯಾಯವಾಗಿ ಕಾಣಬಹುದು, ಆದರೆ ಹಾಗೆ ಮಾಡಿದರೆ ಚರ್ಚೆಯೂ 660 ಪದ ಕಳೆದುಕೊಳ್ಳುತ್ತದೆ, ಮತ್ತು ನಿಮ್ಮ ಸ್ವಂತ ಮಾತು ಇರುವುದು ಆ ಭಾಗದಲ್ಲಿ ಮಾತ್ರ. ಚರ್ಚೆಯನ್ನು ಮುಟ್ಟದೆ, ಹಿನ್ನೆಲೆಯಿಂದ 700, ಶಾಸನಗಳ ಭಾಗದಿಂದ 1,000, ಆರಂಭ ಮುಕ್ತಾಯಗಳಿಂದ 300 ಪದಗಳನ್ನು ಇಳಿಸಿ. ಉಳಿದ 500 ಮಾತ್ರ ವಾಕ್ಯಗಳಿಂದ ಬರಲಿ; ನೀವು ಈಗಾಗಲೇ ತಿದ್ದಿದ ವಾಕ್ಯಗಳಲ್ಲಿ ಉಳಿಯುವಂಥವು ಆ ಲೆಕ್ಕಕ್ಕೆ ಸೇರುತ್ತವೆ.

ಹಿನ್ನೆಲೆಯ ಭಾಗದಲ್ಲಿ ಪೋರುಮಾಮಿಳ್ಳ ಕೆರೆಯ ಶಾಸನಕ್ಕೆ ಸುಮಾರು ಒಂದೂವರೆ ಪುಟ ಕೊಟ್ಟಿದ್ದೀರಿ. ಅದು ಸೊಗಸಾದ ಶಾಸನ ಎಂಬುದರಲ್ಲಿ ಎರಡು ಮಾತಿಲ್ಲ: ವಿಜಯನಗರದ ರಾಜಕುಮಾರ ಭಾಸ್ಕರ 1369ರಲ್ಲಿ ಕಡಪ ಸೀಮೆಯಲ್ಲಿ ಕಟ್ಟಿಸಿದ ಕೆರೆ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳು, ಆಗಬಾರದ ಆರು ದೋಷಗಳು, ಎರಡು ವರ್ಷ ದುಡಿದ ಸಾವಿರ ಆಳು ಮತ್ತು ನೂರು ಗಾಡಿಗಳ ಲೆಕ್ಕ. ಕೆರೆಗಳ ಬಗ್ಗೆ ಬರೆಯುವವರಲ್ಲಿ ಇದನ್ನು ಬಿಟ್ಟು ಬರೆಯುವವರು ಕಡಿಮೆ. ಆದರೆ ಅದು ನಿಮ್ಮ ಶಾಸನಗಳಿಗಿಂತ ಮೂರು ನಾಲ್ಕು ಶತಮಾನ ಈಚಿನದು, ಬೇರೆ ಸೀಮೆಯದು, ಮುಖ್ಯವಾಗಿ ಕೆರೆ ಕಟ್ಟುವ ವಿಚಾರದ್ದು; ನಿಮ್ಮ ಪ್ರಶ್ನೆ ಕೆರೆ ಉಳಿಸುವ ವಿಚಾರದ್ದು. ಇಂಥ ಪ್ಯಾರಾಕ್ಕೆ ನಾನು ಹಾಕುವ ಪರೀಕ್ಷೆ ಇದು: ಇದನ್ನು ತೆಗೆದುಬಿಟ್ಟರೆ ಪರೀಕ್ಷಕರು ಮೌಖಿಕ ಪರೀಕ್ಷೆಯಲ್ಲಿ ಯಾವ ಹೊಸ ಪ್ರಶ್ನೆ ಕೇಳಬಹುದು? ಪೋರುಮಾಮಿಳ್ಳವನ್ನು ತೆಗೆದರೆ ಯಾವ ಪ್ರಶ್ನೆಯೂ ಹುಟ್ಟುವುದಿಲ್ಲ. ಅದೇ ಪುಟದ ಕೆಳಗಿರುವ, ಬಿತ್ತುವಟ್ಟಕ್ಕೂ ಕೆರೆಗಾಗಿ ಬಿಡುತ್ತಿದ್ದ ಇತರ ದಾನಗಳಾದ ದಶವಂದ, ಕಟ್ಟುಕೊಡಗೆಗಳಿಗೂ ಇರುವ ವ್ಯತ್ಯಾಸದ ನಾಲ್ಕು ಸಾಲನ್ನು ತೆಗೆದರೆ ಮೊದಲ ಪ್ರಶ್ನೆಯೇ ಅದಾಗಿರುತ್ತದೆ. ಮೊದಲನೆಯದು ಪೂರ್ತಿ ಹೋಗಲಿ, ಎರಡನೆಯದು ಅಕ್ಷರವೂ ಕದಲದೆ ಉಳಿಯಲಿ. ಹಿಂದಿನ ವಿದ್ವಾಂಸರ ಅಭಿಪ್ರಾಯಗಳ ಸಮೀಕ್ಷೆಯೂ ಇಲ್ಲಿ ಮತ್ತೆ ಬಂದಿದೆ. ಎರಡನೇ ಅಧ್ಯಾಯ ಇರುವುದೇ ಅದಕ್ಕಾಗಿ, ಆದ್ದರಿಂದ ಒಂದು ಅಡಿಟಿಪ್ಪಣಿ ಸಾಕು. ಇವೆರಡರಿಂದಲೇ 700 ಪದ ಇಳಿಯುತ್ತವೆ.

ಇನ್ನು ನಿಮ್ಮನ್ನು ನಿಜವಾಗಿ ಕಾಡುತ್ತಿರುವ 18 ಶಾಸನಗಳ ವಿಷಯ. ಅವುಗಳಲ್ಲಿ ಒಂದನ್ನೂ ಕೈಬಿಡುವುದು ಬೇಡ. ಆದರೆ ಹದಿನೆಂಟೂ ಒಂದೇ ಕೆಲಸ ಮಾಡುತ್ತಿಲ್ಲ ಎಂಬುದನ್ನು ಗಮನಿಸಿ. ನಾಲ್ಕು ಶಾಸನಗಳಲ್ಲಿ ದಾನದ ಭೂಮಿ ಯಾವ ಕೆರೆಯ ಕೆಳಗಿದೆ, ಪಡೆದವನು ಏನು ಮಾಡಬೇಕು ಎಂಬುದು ಓದಲು ಬರುವಂತಿದೆ. ಏರ್ಪಾಡು ಹೇಗೆ ನಡೆಯುತ್ತಿತ್ತು ಎಂಬುದನ್ನು ತೋರಿಸುವವು ಇವು ಮಾತ್ರ. ಹನ್ನೊಂದು ಶಾಸನಗಳು ಅದೇ ಪದ್ಧತಿ ಬೇರೆ ಊರುಗಳಲ್ಲೂ ಬೇರೆ ಕಾಲದಲ್ಲೂ ಇತ್ತು ಎಂದು ತೋರಿಸುತ್ತವೆ, ಅಷ್ಟೆ. ಉಳಿದ ಮೂರು ನಿಮ್ಮ ವಾದಕ್ಕೆ ಎದುರು ನಿಲ್ಲುತ್ತವೆ, ಏಕೆಂದರೆ ಅವುಗಳಲ್ಲಿ ದಾನ ಕೊಟ್ಟಿದ್ದಾರೆಯೇ ವಿನಾ ಕೆರೆಯನ್ನು ನೋಡಿಕೊಳ್ಳುವ ಮಾತೇ ಇಲ್ಲ. ಈಗ ನೀವು ನಾಲ್ಕಕ್ಕೆ 2,400, ಹನ್ನೊಂದಕ್ಕೆ 1,700, ಮೂರಕ್ಕೆ 1,500 ಪದ ಕೊಟ್ಟಿದ್ದೀರಿ.

ಹನ್ನೊಂದರ ಕೆಲಸ ಹರವನ್ನು ತೋರಿಸುವುದಾದ್ದರಿಂದ ಅದಕ್ಕೆ ಕೋಷ್ಟಕವೇ ಸರಿಯಾದ ರೂಪ. ಊರು, ಕಾಲ, ದಾನ ಕೊಟ್ಟವರು, ಭೂಮಿ ಇರುವ ಜಾಗ, ನಿರ್ವಹಣೆಯ ಷರತ್ತು, ಆಕರ ಎಂಬ ಆರು ಅಂಕಣಗಳು ಸಾಕು. ರಾಜನ ಬಿರುದು, ಶಾಪಾಶಯ, ಕಲ್ಲಿನ ಅಳತೆ ಮುಂತಾದವು ವಾದಕ್ಕೆ ಬೇಕಿಲ್ಲವಾದ್ದರಿಂದ ಅಂಕಣವಾಗುವುದೂ ಬೇಡ. ಕೋಷ್ಟಕಕ್ಕೆ ಸುಮಾರು 500 ಪದ, ಅದನ್ನು ಹೇಗೆ ಓದಬೇಕು ಎಂದು ಹೇಳುವ ಒಂದು ಪ್ಯಾರಾಕ್ಕೆ 200 ಪದ. 1,700 ಇದ್ದದ್ದು 700ಕ್ಕೆ ಬಂದಾಗ ಆ ಸಾವಿರ ನಿಮ್ಮ ಕೈಗೆ ಬಂದಂತೆ. ಓದುವವರಿಗೂ ಇದರಿಂದ ಅನುಕೂಲ: ಹನ್ನೊಂದು ಪ್ಯಾರಾಗಳಲ್ಲಿ ಚದುರಿದ್ದ ಹರವು ಒಂದೇ ನೋಟಕ್ಕೆ ಸಿಗುತ್ತದೆ.

ಆದರೆ ಕೋಷ್ಟಕದಲ್ಲಿ ಒಂದು ಅಪಾಯವಿದೆ, ಶಾಸನಗಳ ಮೇಲೆ ಕೆಲಸ ಮಾಡುವವರು ಅದನ್ನು ಮರೆಯುವಂತಿಲ್ಲ. ಪ್ಯಾರಾದಲ್ಲಿ ‘ಶಾಸನದ ಕೊನೆಯ ಭಾಗ ತ್ರುಟಿತವಾಗಿರುವುದರಿಂದ ಷರತ್ತು ಇತ್ತೋ ಇಲ್ಲವೋ ತಿಳಿಯದು’ ಎಂದು ಬರೆದಿದ್ದ ಮಾತು ಕೋಷ್ಟಕಕ್ಕೆ ಬರುವಾಗ ಒಂದು ಅಡ್ಡಗೀಟಾಗಿಬಿಡುತ್ತದೆ. ನೋಡಿದವರು ಅದನ್ನು ‘ಇಲ್ಲ’ ಎಂದೇ ಓದುತ್ತಾರೆ. ಹೀಗಾಗಿ ಷರತ್ತಿನ ಅಂಕಣದಲ್ಲಿ ‘ಇದೆ’, ‘ಇಲ್ಲ’, ‘ತ್ರುಟಿತ’ ಎಂಬ ಮೂರು ಮಾತುಗಳು ಬೇರೆ ಬೇರೆಯಾಗಿ ಕಾಣಲಿ. ನಿಮ್ಮ ಪಟ್ಟಿಯಲ್ಲಿ ಕೊನೆಯ ಸಾಲುಗಳು ಅಳಿಸಿಹೋದ ಶಾಸನಗಳೂ ಇರುವುದರಿಂದ, ಈ ಒಂದು ವಿವರ ತಪ್ಪಿದರೆ ಆಧಾರ ಇದ್ದದ್ದಕ್ಕಿಂತ ದುರ್ಬಲವಾಗಿಯೋ ಬಲವಾಗಿಯೋ ತೋರುತ್ತದೆ. ಕಾಲವನ್ನು ಲಿಪಿಯ ಆಧಾರದ ಮೇಲೆ ಊಹಿಸಿದ್ದರೆ ‘ಸು.’ ಎಂಬ ಗುರುತೂ ಕೋಷ್ಟಕಕ್ಕೆ ಬರಬೇಕು.

ನಾಲ್ಕು ಮುಖ್ಯ ಶಾಸನಗಳ ವಿಷಯಕ್ಕೆ ಬಂದರೆ, ಪ್ರತಿಯೊಂದನ್ನೂ ನೀವು ಮೂರು ಸಲ ಹೇಳಿದ್ದೀರಿ. ಮೊದಲು ಹಳಗನ್ನಡದ ಪೂರ್ತಿ ಪಾಠ, ಆಮೇಲೆ ಹೊಸಗನ್ನಡದ ಭಾವಾರ್ಥ, ಅದಾದ ಮೇಲೆ ವಿವರಣೆ. ವಿವರಣೆಯ ಅರ್ಧ ಭಾವಾರ್ಥದ ಪುನರುಕ್ತಿಯೇ. ನಮ್ಮ ಮಹಾಪ್ರಬಂಧಗಳಲ್ಲಿ ಇದು ವಾಡಿಕೆಯಾಗಿಬಿಟ್ಟಿದೆ, ಪುಟಗಳು ತುಂಬುವುದರಿಂದ ಯಾರೂ ಬೇಡವೆನ್ನುವುದಿಲ್ಲ. ಇವುಗಳ ಪಾಠ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಅಚ್ಚಾಗಿದೆ, ಬಿ.ಎಲ್. ರೈಸ್ ಅವರ ಕಾಲದ ಹತ್ತನೇ ಸಂಪುಟ ಕೋಲಾರ ಜಿಲ್ಲೆಗೇ ಮೀಸಲು, ಅದರಲ್ಲಿ ಪಾಠದ ಜೊತೆ ಇಂಗ್ಲಿಷ್ ಅನುವಾದವೂ ಇದೆ. ಪ್ರಕಟವಾಗಿರುವ ಶಾಸನದ ಪೂರ್ತಿ ಪಾಠವನ್ನು ಅಧ್ಯಾಯದ ನಡುವೆ ಮತ್ತೆ ಅಚ್ಚು ಮಾಡಬೇಕಿಲ್ಲ. ನಿಮ್ಮ ಓದು ಯಾವ ಎರಡು ಮೂರು ಸಾಲಿನ ಮೇಲೆ ನಿಂತಿದೆಯೋ ಆ ಸಾಲುಗಳನ್ನು ಮಾತ್ರ, ಸಾಲಿನ ಸಂಖ್ಯೆಯೊಡನೆ ಉದ್ಧರಿಸಿ, ಭಾವಾರ್ಥವನ್ನು ವಿವರಣೆಯೊಳಗೇ ಕರಗಿಸಿ. ನಿಮ್ಮ ಕ್ಷೇತ್ರಕಾರ್ಯದಲ್ಲಿ ಸಿಕ್ಕ, ಇನ್ನೂ ಎಲ್ಲೂ ಪ್ರಕಟವಾಗದ ಶಾಸನವಿದ್ದರೆ ಅದರ ಕಥೆ ಬೇರೆ. ಅದರ ಪೂರ್ತಿ ಪಾಠವನ್ನು ಅನುಬಂಧದಲ್ಲಿ ಕೊಡಲೇಬೇಕು, ಇಲ್ಲದಿದ್ದರೆ ನಿಮ್ಮ ಓದನ್ನು ಯಾರೂ ಪರಿಶೀಲಿಸಲಾರರು. ಅನುಬಂಧದ ಪುಟಗಳು ಮಿತಿಯ ಲೆಕ್ಕಕ್ಕೆ ಬರುತ್ತವೆಯೇ ಎಂದು ನಿಮ್ಮ ವಿಶ್ವವಿದ್ಯಾಲಯದ ಪಿಎಚ್.ಡಿ. ನಿಯಮಾವಳಿಯಲ್ಲಿ ಮೊದಲೇ ನೋಡಿಕೊಳ್ಳಿ. ಏನೇ ಆದರೂ ಅನುಬಂಧ ಪರಿಶೀಲನೆಗೆ ಇರುವ ಜಾಗವೇ ಹೊರತು ವಾದಕ್ಕಲ್ಲ. ಅದನ್ನು ತೆರೆಯದ ಓದುಗರಿಗೂ ಅಧ್ಯಾಯ ಪೂರ್ತಿ ಅರ್ಥವಾಗಬೇಕು.

ಈ ಮೂರು ಸಲದ ಹೇಳಿಕೆಯನ್ನು ನಿವಾರಿಸಿದರೆ 300 ಪದಗಳಾದರೂ ಉಳಿಯುತ್ತವೆ. ಅವನ್ನು ನಾನು ಬೇಕೆಂದೇ ಇಳಿಕೆಯ ಲೆಕ್ಕಕ್ಕೆ ಸೇರಿಸಿಲ್ಲ, ಏಕೆಂದರೆ ಅವು ಎದುರು ನಿಲ್ಲುವ ಮೂರು ಶಾಸನಗಳಿಗೆ ಬೇಕು. ಕತ್ತರಿಸಲು ಕುಳಿತವರ ಕಣ್ಣು ಮೊದಲು ಬೀಳುವುದು ಇಂಥ ಶಾಸನಗಳ ಮೇಲೆಯೇ: ವಾದಕ್ಕೆ ನೆರವಾಗುತ್ತಿಲ್ಲ, ತೆಗೆದರೆ ಪದವೂ ಉಳಿಯುತ್ತದೆ, ಅಧ್ಯಾಯವೂ ನೇರವಾಗುತ್ತದೆ ಎಂದು ತೋರುತ್ತದೆ. ಆದರೆ ಅವನ್ನು ತೆಗೆದ ಕೂಡಲೇ ನಿಮ್ಮ ವಾದ ‘ಈ ಶಾಸನಗಳಲ್ಲಿ ಸಾಮಾನ್ಯವಾಗಿ ಹೀಗಿದೆ’ ಎಂಬುದರಿಂದ ‘ಎಲ್ಲೆಡೆ ಹೀಗಿದೆ’ ಎಂಬಲ್ಲಿಗೆ ಜಾರುತ್ತದೆ, ಮತ್ತು ಕೋಲಾರ ಸಂಪುಟವನ್ನು ಬಲ್ಲ ಪರೀಕ್ಷಕರು ಆ ಮೂರರಲ್ಲಿ ಒಂದನ್ನು ಮುಂದಿಟ್ಟರೆ ಉತ್ತರವಿರುವುದಿಲ್ಲ. ಸದ್ಯ ನೀವು ಅವುಗಳನ್ನು ವಿವರಿಸಿದ್ದೀರಿ, ಆದರೆ ವಾದದೊಡನೆ ಸೇರಿಸಿಲ್ಲ. ಷರತ್ತಿನ ಮಾತು ಇಲ್ಲದಿರುವುದಕ್ಕೆ ಕಾರಣ ಏನಿರಬಹುದು, ಅದು ಬರೆಯದೆಯೇ ಎಲ್ಲರಿಗೂ ಗೊತ್ತಿದ್ದ ಸಂಗತಿಯೋ, ಅಥವಾ ಆ ದಾನಗಳ ಉದ್ದೇಶವೇ ಬೇರೆಯೋ ಎಂಬುದನ್ನು ಆ 300 ಪದಗಳಲ್ಲಿ ಎದುರಿಸಿ.

ಅಧ್ಯಾಯದ ಆರಂಭ ಮತ್ತು ಮುಕ್ತಾಯದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ‘ಈ ಅಧ್ಯಾಯದಲ್ಲಿ ಮೊದಲಿಗೆ ಇದನ್ನು, ನಂತರ ಅದನ್ನು ಚರ್ಚಿಸಲಾಗುವುದು’ ಎಂಬ ಮುನ್ಸೂಚನೆಯೂ, ‘ಹೀಗೆ ಈ ಅಧ್ಯಾಯದಲ್ಲಿ ಇದನ್ನೆಲ್ಲ ಚರ್ಚಿಸಲಾಯಿತು’ ಎಂಬ ಪುನರಾವಲೋಕನವೂ ಒಂದೇ ಪಟ್ಟಿ. ಆರಂಭದ್ದನ್ನು ಚಿಕ್ಕದಾಗಿಸಿ ಇಟ್ಟುಕೊಂಡು, ಮುಕ್ತಾಯದಲ್ಲಿ ಕಂಡುಕೊಂಡ ಫಲಿತವನ್ನು ಮಾತ್ರ ಹೇಳಿದರೆ ಅಲ್ಲಿನ 300 ಪದ ಇಳಿಯುತ್ತವೆ.

ಇಷ್ಟಾದ ಮೇಲೆ ವಾಕ್ಯಗಳಿಗೆ ಬನ್ನಿ. ನಿಮ್ಮದೇ ಒಂದು ಪ್ಯಾರಾವನ್ನು ತೆಗೆದುಕೊಳ್ಳುತ್ತೇನೆ:

‘ಮೇಲ್ಕಂಡ ಶಾಸನವನ್ನು ಸೂಕ್ಷ್ಮವಾಗಿ ಅವಲೋಕಿಸಿದಾಗ, ಅಂದಿನ ಕಾಲದಲ್ಲಿ ಕೆರೆಗಳ ನಿರ್ವಹಣೆಯು ಅತ್ಯಂತ ಮಹತ್ವದ ಸ್ಥಾನವನ್ನು ಪಡೆದುಕೊಂಡಿತ್ತು ಎಂಬ ಅಂಶವು ನಮಗೆ ಸ್ಪಷ್ಟವಾಗಿ ತಿಳಿದುಬರುತ್ತದೆ. ಈ ಶಾಸನದಲ್ಲಿ ಕೆರೆಯನ್ನು ಕಟ್ಟಿಸಿದ ವ್ಯಕ್ತಿಗೆ ಬಿತ್ತುವಟ್ಟವನ್ನು ದಾನವಾಗಿ ನೀಡಲಾಗಿದ್ದು, ಆ ಭೂಮಿಯು ಅದೇ ಕೆರೆಯ ತೂಬಿನ ಕೆಳಗಡೆ ಇದ್ದುದನ್ನು ಇಲ್ಲಿ ಗಮನಿಸಬಹುದಾಗಿದೆ. ಆದ್ದರಿಂದ ಕೆರೆಯು ಒಡೆದುಹೋದರೆ ದಾನ ಪಡೆದವನ ಆದಾಯವೂ ಸಹ ನಿಂತುಹೋಗುವ ಸಾಧ್ಯತೆ ಬಹುಶಃ ಇತ್ತು ಎಂದು ಊಹಿಸಬಹುದಾಗಿದೆ.’

ಇದು 47 ಪದ. ತಿದ್ದಿದರೆ ಹೀಗಾಗುತ್ತದೆ:

‘ಈ ಶಾಸನದಲ್ಲಿ ಕೆರೆ ಕಟ್ಟಿಸಿದವನಿಗೆ ಬಿಟ್ಟ ಬಿತ್ತುವಟ್ಟ ಅದೇ ಕೆರೆಯ ತೂಬಿನ ಕೆಳಗಿದೆ. ಕೆರೆ ಒಡೆದರೆ ದಾನ ಪಡೆದವನ ಆದಾಯವೂ ಬಹುಶಃ ನಿಲ್ಲುತ್ತಿತ್ತು.’

ಈಗ 17 ಪದ. ಮೊದಲ ವಾಕ್ಯ ಪೂರ್ತಿ ಹೋಯಿತು, ಏಕೆಂದರೆ ಕೆರೆಯ ನಿರ್ವಹಣೆ ಮಹತ್ವದ್ದಾಗಿತ್ತು ಎಂಬುದನ್ನು ಈ ಶಾಸನ ಹೇಳುವುದೇ ಇಲ್ಲ. ಅದು ನೀವು ಮುಂದೆ ಸಾಧಿಸಬೇಕಾದ ಮಾತು. ‘ಗಮನಿಸಬಹುದಾಗಿದೆ’, ‘ಎಂಬ ಅಂಶವು ತಿಳಿದುಬರುತ್ತದೆ’ ಎಂಬಂಥ ಬಾಲಗಳು ಹೋದದ್ದರಿಂದ ಅರ್ಥಕ್ಕೆ ಏನೂ ಕೊರತೆಯಾಗಲಿಲ್ಲ. ಮೂಲದಲ್ಲಿ ‘ಸಾಧ್ಯತೆ’, ‘ಬಹುಶಃ’, ‘ಊಹಿಸಬಹುದಾಗಿದೆ’ ಎಂದು ಸಂದೇಹ ಮೂರು ಸಲ ಬಂದಿತ್ತು, ಈಗ ಒಂದೇ ಸಲ ಇದೆ. ಆ ಒಂದನ್ನು ಮಾತ್ರ ತೆಗೆಯಬೇಡಿ. ಭೂಮಿ ತೂಬಿನ ಕೆಳಗಿತ್ತು ಎಂಬುದು ಶಾಸನದ ಮಾತು; ಕೆರೆ ಒಡೆದರೆ ಆದಾಯ ನಿಲ್ಲುತ್ತಿತ್ತು ಎಂಬುದು ನಿಮ್ಮ ಊಹೆ. ಎರಡರ ನಡುವಿನ ಗೆರೆಯನ್ನು ಉಳಿಸಿರುವುದು ‘ಬಹುಶಃ’ ಎಂಬ ಒಂದು ಪದ, ಮತ್ತು ಅವಸರದಲ್ಲಿ ಕತ್ತರಿಸುವಾಗ ಮೊದಲು ಉದುರುವುದೂ ಅದೇ. ಎಲ್ಲ ಪ್ಯಾರಾಗಳೂ ಇಷ್ಟು ಸಡಿಲವಾಗಿಲ್ಲ. ಚರ್ಚೆಯ ಭಾಗದಲ್ಲಿ ನಿಮ್ಮ ಬರಹ ಈಗಾಗಲೇ ಬಿಗಿಯಾಗಿದೆ, ಅಲ್ಲಿ ಹತ್ತಿಪ್ಪತ್ತು ಪದಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ.

ಕನ್ನಡದಲ್ಲಿ ಬರೆಯುವವರಿಗೆ ಒಂದು ಸುಲಭದ ದಾರಿ ಕಾಣುತ್ತದೆ, ಅದನ್ನು ಹಿಡಿಯಬೇಡಿ. ಗಣಕಯಂತ್ರ ಪದಗಳನ್ನು ಎಣಿಸುವುದು ನಡುವಿನ ಖಾಲಿ ಜಾಗವನ್ನು ನೋಡಿ. ಹಾಗಾಗಿ ‘ಬಿಡಲಾಗಿದೆ ಎಂದು’ ಎಂಬುದನ್ನು ‘ಬಿಡಲಾಗಿದೆಯೆಂದು’ ಎಂದು ಸಂಧಿ ಮಾಡುತ್ತಾ ಹೋದರೆ ಒಂದು ಅಧ್ಯಾಯದಲ್ಲಿ ನೂರಾರು ಪದಗಳು ಲೆಕ್ಕದಿಂದ ಮಾಯವಾಗುತ್ತವೆ, ಪುಟ ಮಾತ್ರ ಅಷ್ಟೇ ಇರುತ್ತದೆ. ನಿಮ್ಮ ಮಾರ್ಗದರ್ಶಕರು ಓದುವುದು ಪುಟವನ್ನು. ಪದಸಂಖ್ಯೆಯ ಜೊತೆ, ಒಂದೇ ಅಕ್ಷರದ ಗಾತ್ರ ಮತ್ತು ಸಾಲಿನ ಅಂತರದಲ್ಲಿ ಪುಟಸಂಖ್ಯೆಯೂ ಅದೇ ಪ್ರಮಾಣದಲ್ಲಿ ಇಳಿಯುತ್ತಿದೆಯೇ ಎಂದು ನೋಡುತ್ತಿರಿ. ವರ್ಡ್‌ನಲ್ಲಿ ಪದ ಎಣಿಸುವಾಗ ಅಡಿಟಿಪ್ಪಣಿಗಳನ್ನು ಸೇರಿಸಬೇಕೇ ಎಂಬ ಗುರುತು ಇರುತ್ತದೆ. 12,500 ಎಂಬ ಸಂಖ್ಯೆ ಅವು ಸೇರಿ ಬಂದದ್ದೋ ಸೇರದೆ ಬಂದದ್ದೋ ಎಂಬುದನ್ನೂ ಒಮ್ಮೆ ಖಚಿತಪಡಿಸಿಕೊಳ್ಳಿ.

ಕತ್ತರಿ ಹಾಕುವ ಮೊದಲೇ ಮಾಡಿಕೊಳ್ಳಬೇಕಾದ ಒಂದು ಸಿದ್ಧತೆ ಅಡಿಟಿಪ್ಪಣಿಗಳದು. ನಿಮ್ಮ ಟಿಪ್ಪಣಿಗಳಲ್ಲಿ ‘ಅದೇ’, ‘ಪೂರ್ವೋಕ್ತ’ ಎಂಬವು ಹೇರಳವಾಗಿವೆ. ಒಂದು ಪ್ಯಾರಾ ತೆಗೆದಾಗ ಅದರ ಟಿಪ್ಪಣಿಯೂ ಹೋಗುತ್ತದೆ, ಮತ್ತು ಅದರ ಮುಂದಿನ ‘ಅದೇ, ಪು. 42’ ಎಂಬುದು ಸದ್ದಿಲ್ಲದೆ ಬೇರೊಂದು ಪುಸ್ತಕವನ್ನು ಹೆಸರಿಸತೊಡಗುತ್ತದೆ. ಗಣಕಯಂತ್ರ ಟಿಪ್ಪಣಿಯ ಸಂಖ್ಯೆಯನ್ನು ಸರಿ ಮಾಡುತ್ತದೆ, ಅರ್ಥವನ್ನಲ್ಲ. ಆದ್ದರಿಂದ ಎಲ್ಲ ‘ಅದೇ’ಗಳನ್ನೂ ಮೊದಲು ಕಿರುಶೀರ್ಷಿಕೆಗಳಾಗಿ ಬಿಡಿಸಿ ಬರೆಯಿರಿ, ಎಲ್ಲ ಮುಗಿದ ಮೇಲೆ ಬೇಕಾದರೆ ಮತ್ತೆ ಚಿಕ್ಕದಾಗಿಸಬಹುದು. ಇದರ ಜೊತೆಗೇ ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ ಆವೃತ್ತಿಯನ್ನೋ, ಮೈಸೂರು ವಿಶ್ವವಿದ್ಯಾಲಯ ಹೊರತಂದ ಪರಿಷ್ಕೃತ ಆವೃತ್ತಿಯನ್ನೋ ಎಂದು ಪ್ರತಿ ಸಲವೂ ಸ್ಪಷ್ಟಪಡಿಸಿ, ಏಕೆಂದರೆ ಎರಡರ ಸಂಪುಟಗಳ ವಿಂಗಡಣೆ ಬೇರೆ. ನಿಮ್ಮಲ್ಲಿ ಕೆಲವು ಕಡೆ ಬರೀ ‘ಎ.ಕ. 10’ ಎಂದಷ್ಟೇ ಇದೆ. ಪಾಠವನ್ನು ಅಧ್ಯಾಯದಿಂದ ತೆಗೆದ ಮೇಲೆ ಓದುಗರಿಗೆ ಉಳಿಯುವ ದಾರಿ ಈ ಉಲ್ಲೇಖ ಒಂದೇ.

ತೆಗೆದ ಪ್ಯಾರಾಗಳನ್ನು ಅಳಿಸದೆ ಬೇರೊಂದು ಕಡತಕ್ಕೆ, ಹಳೆಯ ಪುಟಸಂಖ್ಯೆಯೊಡನೆ ಸೇರಿಸುತ್ತಾ ಹೋಗಿ. ಪೋರುಮಾಮಿಳ್ಳದ ಭಾಗ ಒಂದು ಬಿಡಿ ಲೇಖನಕ್ಕೆ ಆದೀತು, ಹನ್ನೊಂದು ಶಾಸನಗಳ ವಿವರ ಮೌಖಿಕ ಪರೀಕ್ಷೆಯ ದಿನ ಕೈಯಲ್ಲಿರಬೇಕು.

ಕೆಲಸ ಮುಗಿಯಿತು ಅನ್ನಿಸಿದಾಗ ಎರಡು ದಿನ ಬಿಟ್ಟು, ಪ್ರತಿ ಪ್ಯಾರಾದ ಮೊದಲ ವಾಕ್ಯವನ್ನು ಮಾತ್ರ ಸರದಿಯಂತೆ ಓದಿ. ಒಂದರಿಂದ ಇನ್ನೊಂದಕ್ಕೆ ದಾಟುವಾಗ ‘ಇದು ಎಲ್ಲಿಂದ ಬಂತು?’ ಎನ್ನಿಸಿದ ಜಾಗದಲ್ಲಿ ವಾದದ ಒಂದು ಕೊಂಡಿ ಹೋಗಿದೆ ಎಂದು ತಿಳಿಯಿರಿ. ಅಲ್ಲಿ ಹಳೆಯ ಪ್ಯಾರಾವನ್ನು ಹಿಂದಕ್ಕೆ ತರದೆ ಒಂದು ವಾಕ್ಯವನ್ನು ಹೊಸದಾಗಿ ಬರೆಯಿರಿ. ಆಮೇಲೆ ‘ಮೇಲ್ಕಂಡ’, ‘ಹಿಂದೆ ಹೇಳಿದಂತೆ’, ‘ಈ ಐದು ಶಾಸನಗಳು’ ಎಂಬಂಥ ಮಾತುಗಳನ್ನು ಹುಡುಕಿ ತೆಗೆದು, ಅವು ಬೊಟ್ಟು ಮಾಡುವ ವಸ್ತು ಇನ್ನೂ ಅಲ್ಲಿದೆಯೇ ಎಂದು ನೋಡಿ. ಇದೇ ಹುಡುಕಾಟವನ್ನು ಉಳಿದ ಅಧ್ಯಾಯಗಳಲ್ಲೂ ಸಾರಲೇಖದಲ್ಲೂ ಮಾಡಬೇಕು. ಐದನೇ ಅಧ್ಯಾಯದಲ್ಲಿ ‘ಮೂರನೇ ಅಧ್ಯಾಯದಲ್ಲಿ ವಿವರಿಸಿದ ಪೋರುಮಾಮಿಳ್ಳ ಶಾಸನ’ ಎಂಬ ಮಾತು ನೀವು ಕಳಿಸಿದ ಪರಿವಿಡಿಯಲ್ಲೇ ಕಾಣುತ್ತಿದೆ.

ಇಷ್ಟೆಲ್ಲ ಮಾಡಿದ ಮೇಲೂ ನೂರಿನ್ನೂರು ಪದ ಹೆಚ್ಚು ಉಳಿದರೆ, ಅವನ್ನು ಚರ್ಚೆಯಿಂದಾಗಲಿ ಎದುರು ನಿಲ್ಲುವ ಮೂರು ಶಾಸನಗಳಿಂದಾಗಲಿ ಕೀಳಬೇಡಿ. ಕೋಷ್ಟಕದ ಪದಗಳನ್ನು ಮಿತಿಯಿಂದ ಹೊರಗಿಡಬಹುದೇ ಎಂದು ಮಾರ್ಗದರ್ಶಕರನ್ನು ಕೇಳಿ. ಆಗದು ಎಂದರೆ, ದಾನ ಕೊಟ್ಟವರ ಅಂಕಣವನ್ನು ತೆಗೆದುಬಿಡಿ, ಹನ್ನೊಂದು ಶಾಸನಗಳ ಮಟ್ಟಿಗೆ ನಿಮ್ಮ ವಾದ ಆ ಅಂಕಣದ ಮೇಲೆ ನಿಂತಿಲ್ಲ.